ಕಾಲೇಜಿಗೆ ಐದು ಕಿಲೋಮೀಟರ್: ಬಸ್ ಪಾಸೋ, ಸೈಕಲ್ಲೋ?

ಅಕ್ಕನ ಮಗ ಚಾಮರಾಜಪೇಟೆಯ ಕಾಲೇಜೊಂದರಲ್ಲಿ ಬಿ.ಕಾಂ.ಗೆ ಸೇರಿದಾಗ ಮನೆಯಲ್ಲಿ ಮೊದಲು ಎದ್ದ ಪ್ರಶ್ನೆ ಶುಲ್ಕದ್ದಲ್ಲ, ಓಡಾಟದ್ದು. ಅವರ ಮನೆ ಬನಶಂಕರಿ ಬಸ್ ನಿಲ್ದಾಣಕ್ಕೆ ಏಳು ನಿಮಿಷದ ನಡಿಗೆ. ಅಲ್ಲಿಂದ ಕಾಲೇಜಿಗೆ ಹೆಚ್ಚುಕಡಿಮೆ ಐದು ಕಿಲೋಮೀಟರ್. ನಡೆದು ಹೋಗಲು ದೂರ, ಸ್ಕೂಟರ್ ಕೊಡಿಸುವಷ್ಟು ದೂರವೂ ಅಲ್ಲ. ಅಕ್ಕ ತಿಂಗಳ ಪಾಸು ಮಾಡಿಸೋಣ ಎಂದಳು. ಅವನಿಗೆ ಸೈಕಲ್ ಮೇಲೆ ಮನಸ್ಸು. "ಮಾವ, ನೀವೇ ಲೆಕ್ಕ ಹಾಕಿ ಹೇಳಿ" ಎಂದು ಇಬ್ಬರೂ ನನ್ನ ಮುಂದೆ ಕುಳಿತರು. ಅಂದು ಹಾಕಿದ ಲೆಕ್ಕ, ಆಮೇಲಿನ ಒಂದು ವರ್ಷದಲ್ಲಿ ಅದಕ್ಕೆ ಆದ ತಿದ್ದುಪಡಿ, ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರಿನ ಲೆಕ್ಕವಿದು. ಮೈಸೂರು, ಹುಬ್ಬಳ್ಳಿಯವರು ತಮ್ಮ ಊರಿನ ದರ ಹಾಕಿಕೊಂಡು ಇದೇ ಕ್ರಮದಲ್ಲಿ ನೋಡಬಹುದು.

ಮೊದಲು: ನಿಮಗೆ ಯಾವ ಪಾಸು ಸಿಗುತ್ತದೆ?

ಬಸ್ ಪಾಸು ಎಂದರೆ ಎಲ್ಲರಿಗೂ ಒಂದೇ ಬೆಲೆಯಲ್ಲ. ಇದನ್ನು ತಿಳಿಯದೆ ಮುಂದಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ನೀವು ಕರ್ನಾಟಕದಲ್ಲಿ ನೆಲೆಸಿರುವ ವಿದ್ಯಾರ್ಥಿನಿಯಾದರೆ ಪಾಸಿನ ಮಾತೇ ಬೇಡ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆದರೆ ಸಾಕು. ಹವಾನಿಯಂತ್ರಿತ ವಜ್ರ ಬಸ್ಸಿಗೆ ಇದು ಅನ್ವಯಿಸುವುದಿಲ್ಲ. ಹಾಗಾಗಿ ನೀವು ಸೈಕಲ್ ಕೊಳ್ಳುವುದಾದರೆ ಹಣ ಉಳಿಸಲು ಕೊಳ್ಳುವುದಿಲ್ಲ, ಸಮಯ ಉಳಿಸಲು ಕೊಳ್ಳುತ್ತೀರಿ. ಕೆಳಗಿನ ಸಮಯದ ಭಾಗವನ್ನು ಮಾತ್ರ ಓದಿದರೂ ಆದೀತು.

ಹುಡುಗರು ಮಾನ್ಯತೆ ಪಡೆದ ಕಾಲೇಜಿನಲ್ಲಿ ಓದುತ್ತಿದ್ದರೆ ವಿದ್ಯಾರ್ಥಿ ರಿಯಾಯಿತಿ ಪಾಸಿಗೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಇದು ತಿಂಗಳ ಪಾಸಲ್ಲ, ಶೈಕ್ಷಣಿಕ ವರ್ಷದ ಪಾಸು. ವರ್ಷಕ್ಕೆಲ್ಲ ಸೇರಿ ಕಟ್ಟುವ ಹಣ, ಸಾಮಾನ್ಯರ ಮಾಸಿಕ ಪಾಸಿಗೆ ಒಂದೆರಡು ತಿಂಗಳಿಗೆ ಕೊಡುವಷ್ಟು ಮಾತ್ರ. ಅಕ್ಕ ಕೇಳಿದ್ದು ಸಾಮಾನ್ಯ ಮಾಸಿಕ ಪಾಸಿನ ಬಗ್ಗೆ. ರಿಯಾಯಿತಿ ಪಾಸು ಬೇರೆಯೇ ಇದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಹೀಗೆಯೇ ಆಗುತ್ತದೆ ಎಂಬುದೇ ನನ್ನ ಬೇಸರ.

ಅರ್ಜಿಯಲ್ಲಿ ಎಡವುವ ಜಾಗ ಸಾಮಾನ್ಯವಾಗಿ ಒಂದೇ: ಅರ್ಜಿಯಲ್ಲಿರುವ ಹೆಸರು, ಆಧಾರ್‌ನಲ್ಲಿರುವ ಹೆಸರು, ಕಾಲೇಜಿನ ದಾಖಲೆಯಲ್ಲಿರುವ ಹೆಸರು ಮೂರೂ ಒಂದೇ ಇಲ್ಲದಿರುವುದು. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೂ ತಕರಾರು ಬರಬಹುದು. ಹೊಂದಿಸಿಕೊಂಡೇ ಅರ್ಜಿ ಹಾಕಿ. ಅರ್ಜಿ ಹಾಕಿದ ಮೇಲೆ ಕಾಲೇಜಿನವರು ಅದನ್ನು ಅನುಮೋದಿಸಿದ್ದಾರೆಯೇ ಎಂದು ಕಚೇರಿಗೆ ಹೋಗಿ ಕೇಳಿ. ಅವರ ಕಡೆಯಿಂದ ಒಪ್ಪಿಗೆ ಬಾರದೆ ಪಾಸು ಮುಂದೆ ಸಾಗುವುದಿಲ್ಲ. ತರಗತಿ ಶುರುವಾಗಿ ಪಾಸು ಕೈಗೆ ಬರುವವರೆಗಿನ ದಿನಗಳಿಗೆ ಟಿಕೆಟ್ ಹಣ ಎತ್ತಿಡಿ.

ತಿಂಗಳ ಪಾಸು ನಿಜಕ್ಕೂ ಲಾಭವೇ?

ಕೋಚಿಂಗ್, ಖಾಸಗಿ ಸರ್ಟಿಫಿಕೇಟ್ ಕೋರ್ಸ್ ಎಂದು ಓದುವವರಿಗೆ ರಿಯಾಯಿತಿ ಪಾಸು ಸಿಗದೇ ಇರಬಹುದು. ಅವರು ನೇರವಾಗಿ ಸಾಮಾನ್ಯ ಮಾಸಿಕ ಪಾಸಿಗೆ ಹೋಗುತ್ತಾರೆ. ಅಲ್ಲೇ ತಪ್ಪುವುದು.

2025ರ ಜನವರಿಯಲ್ಲಿ ದರ ಏರಿದ ಮೇಲೆ ಬಿಎಂಟಿಸಿ ಸಾಮಾನ್ಯ ಬಸ್ಸಿನ ಮಾಸಿಕ ಪಾಸು 1200 ರೂಪಾಯಿಯಾಯಿತು. ಐದು ಕಿಲೋಮೀಟರ್ ದಾರಿಗೆ ಒಂದು ಸಲದ ಟಿಕೆಟ್ 18 ರೂಪಾಯಿ ಎಂದು ಹಿಡಿಯಿರಿ. ಹೋಗಿ ಬರಲು 36. ತಿಂಗಳಿಗೆ 24 ದಿನ ಕಾಲೇಜಿದ್ದರೆ 864 ರೂಪಾಯಿ. ಪಾಸಿಗೆ ಕೊಟ್ಟ 1200 ತೀರಬೇಕಾದರೆ 33 ದಿನಕ್ಕೂ ಹೆಚ್ಚು ಹೋಗಿ ಬರಬೇಕು. ತಿಂಗಳಲ್ಲಿ ಅಷ್ಟು ದಿನಗಳೇ ಇಲ್ಲ! ನಡುವೆ ಹಬ್ಬದ ರಜೆ, ಪರೀಕ್ಷೆಯ ಮುಂಚಿನ ಓದಿನ ರಜೆ ಬಂದರೆ ಅಂತರ ಇನ್ನೂ ಹಿಗ್ಗುತ್ತದೆ.

ಅಂದರೆ ನೇರ ಬಸ್ ಇರುವ ಐದು ಕಿಲೋಮೀಟರ್ ದಾರಿಗೆ, ಕಾಲೇಜಿಗೆ ಮಾತ್ರ ಓಡಾಡುವವರು ಸಾಮಾನ್ಯ ಮಾಸಿಕ ಪಾಸು ಕೊಳ್ಳಬಾರದು. ಟಿಕೆಟ್ಟೇ ಅಗ್ಗ. ಪಾಸು ಲಾಭವಾಗುವುದು ಎರಡು ಸಂದರ್ಭಗಳಲ್ಲಿ. ಒಂದು, ನಡುವೆ ಬಸ್ ಬದಲಿಸಬೇಕಾಗಿ ಎರಡೆರಡು ಟಿಕೆಟ್ ಬೀಳುವಾಗ. ಒಂದೊಂದು ಸಲಕ್ಕೆ 24 ರೂಪಾಯಿ ಆದರೆ ತಿಂಗಳಿಗೆ 1152 ಆಗುತ್ತದೆ. ಅದರ ಮೇಲೆ ಎರಡು ಭಾನುವಾರ ಎಲ್ಲಿಗಾದರೂ ಹೋದರೂ ಪಾಸಿನ ಹಣ ಹುಟ್ಟುತ್ತದೆ. ಇನ್ನೊಂದು, ಸಂಜೆ ಟ್ಯೂಷನ್, ಗ್ರಂಥಾಲಯ, ಅರೆಕಾಲಿಕ ಕೆಲಸ ಎಂದು ದಿನಕ್ಕೆ ಮೂರು ನಾಲ್ಕು ಬಾರಿ ಬಸ್ ಹತ್ತುವವರಿಗೆ. ಕಳೆದ ತಿಂಗಳು ಎಷ್ಟು ಬಾರಿ ಬಸ್ ಹತ್ತಿದಿರಿ ಎಂದು ಎಣಿಸಿ, ಟಿಕೆಟ್ ದರದಿಂದ ಗುಣಿಸಿ. ಉತ್ತರ 1200 ದಾಟಿದರೆ ಮಾತ್ರ ಪಾಸು ಮಾಡಿಸಿ. ದರ ಮತ್ತೆ ಬದಲಾದರೆ ಅಂಕಿ ಬದಲಾಗುತ್ತದೆ, ಲೆಕ್ಕದ ರೀತಿ ಇದೇ.

ಸೈಕಲ್ಲಿನ ಪೂರ್ತಿ ಖರ್ಚು

ಅಂಗಡಿಯಲ್ಲಿ ಹೇಳುವ ಬೆಲೆ ಸೈಕಲ್ಲಿನ ಪೂರ್ತಿ ಬೆಲೆಯಲ್ಲ. ನಾವು ಕೊಂಡದ್ದು ಗೇರಿಲ್ಲದ, ಗಟ್ಟಿಮುಟ್ಟಾದ ಸಾಧಾರಣ ಸೈಕಲ್, 7000 ರೂಪಾಯಿ. ಬೀಗ, ಹಿಂದಿನ ಕೆಂಪು ದೀಪ, ಮುಂದಿನ ದೀಪ, ಕೈಪಂಪು, ಮಳೆಗೆ ಕೋಟು, ತಲೆಗೆ ಹೆಲ್ಮೆಟ್ ಎಂದು ಮತ್ತೆ ಸುಮಾರು 2000 ಸೇರಿತು. ಪಂಕ್ಚರ್, ಬ್ರೇಕ್ ರಬ್ಬರ್, ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ ಗ್ರೀಸ್ ಹಾಕಿಸುವುದು, ಯಾವಾಗಲೋ ಒಂದು ಟೈರ್ ಎಂದು ವರ್ಷಕ್ಕೆ 1500 ಹಿಡಿದೆವು. ಮೂರು ವರ್ಷದ ಪದವಿ ಮುಗಿದಾಗ 2000 ರೂಪಾಯಿಗೆ ಮಾರಬಹುದು ಎಂದುಕೊಂಡರೆ ಒಟ್ಟು ಖರ್ಚು 11,500. ವರ್ಷಕ್ಕೆ ಸುಮಾರು 3800.

ವರ್ಷದಲ್ಲಿ ಕಾಲೇಜಿಗೆ ಹೋಗುವ ದಿನ 200 ಎಂದಿಟ್ಟುಕೊಂಡರೆ ದಿನಕ್ಕೆ 19 ರೂಪಾಯಿ. ಟಿಕೆಟ್ ಕೊಂಡು ಓಡಾಡಿದರೆ ದಿನಕ್ಕೆ 36, ವರ್ಷಕ್ಕೆ 7200. ರಿಯಾಯಿತಿ ಪಾಸಿದ್ದರೆ ಸೈಕಲ್ಲಿಗಿಂತ ಎಷ್ಟೋ ಕಡಿಮೆ. ವಿದ್ಯಾರ್ಥಿನಿಯರಿಗೆ ಸೊನ್ನೆ.

ಇದನ್ನು ಮುಚ್ಚಿಡದೆ ಹೇಳಬೇಕು: ರಿಯಾಯಿತಿ ಪಾಸು ಸಿಗುವವರಿಗೆ ಸೈಕಲ್ ಅಗ್ಗವಲ್ಲ. ಪೂರ್ತಿ ಟಿಕೆಟ್ ಕೊಡುವವರಿಗೆ ಮಾತ್ರ ಅದು ಹಣ ಉಳಿಸುತ್ತದೆ, ಅದೂ ಹಾಕಿದ ಬಂಡವಾಳ ವಾಪಸಾಗಲು ಒಂದು ವರ್ಷ ಮೀರಿ ಬೇಕು. ಅಣ್ಣನದೋ ಅಕ್ಕನದೋ ಹಳೆಯ ಸೈಕಲ್, ಸರ್ಕಾರ 8ನೇ ತರಗತಿಯಲ್ಲಿ ಕೊಟ್ಟದ್ದೇ ಇರಲಿ, ಮನೆಯ ಮೂಲೆಯಲ್ಲಿದ್ದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಫ್ರೇಮ್ ಬಿರುಕು ಬಿಡದೆ ನೇರವಾಗಿದ್ದು, ನಿಮ್ಮ ಎತ್ತರಕ್ಕೆ ಹೊಂದುವಂತಿದ್ದರೆ ಟೈರು, ಟ್ಯೂಬು, ಬ್ರೇಕಿನ ತಂತಿ, ಚೈನು ಹೊಸದು ಹಾಕಿಸಿ ಓಡಿಸಿ. ಹೊಸದು ಕೊಳ್ಳುವ ಮೊದಲು ಅಟ್ಟ ಹತ್ತಿ ನೋಡಿ.

ಸಮಯ: ಒಂದು ವಾರ ಬರೆದಿಡಿ

ಹಣದಲ್ಲಿ ಸೋತರೂ ಸೈಕಲ್ ಗೆಲ್ಲುವುದು ಇಲ್ಲಿ. ಆದರೆ ಅಂದಾಜಿನ ಮೇಲೆ ತೀರ್ಮಾನಿಸಬೇಡಿ. ಸೋಮವಾರದಿಂದ ಶನಿವಾರದವರೆಗೆ ಬಸ್ಸಿನಲ್ಲೇ ಹೋಗಿ, ನಾಲ್ಕು ಹೊತ್ತನ್ನು ಮೊಬೈಲಿನಲ್ಲಿ ಬರೆದಿಡಿ: ಮನೆ ಬಿಟ್ಟದ್ದು, ನಿಲ್ದಾಣ ಸೇರಿದ್ದು, ಬಸ್ ಹತ್ತಿದ್ದು, ಕಾಲೇಜಿನ ಗೇಟು ಮುಟ್ಟಿದ್ದು. ನಮ್ಮ ಹುಡುಗನ ಆರು ದಿನದ ಬರಹದಲ್ಲಿ ಕಂಡದ್ದು ಹೀಗೆ: ನಡಿಗೆ ಎರಡೂ ತುದಿ ಸೇರಿ 12 ನಿಮಿಷ, ಬಸ್ಸಿನೊಳಗೆ 20ರಿಂದ 25 ನಿಮಿಷ, ಕಾಯುವುದು ಒಂದು ದಿನ ಎರಡು ನಿಮಿಷ, ಇನ್ನೊಂದು ದಿನ 24. ಒಟ್ಟು ಅತಿ ಕಡಿಮೆ 36 ನಿಮಿಷ, ಅತಿ ಹೆಚ್ಚು 60.

ಇದರಲ್ಲಿ ನೋಡಬೇಕಾದದ್ದು ಸರಾಸರಿಯನ್ನಲ್ಲ, ಅತಿ ಹೆಚ್ಚಾದದ್ದನ್ನು. ಒಂಬತ್ತಕ್ಕೆ ತರಗತಿಯಿದ್ದರೆ ನೀವು ಪ್ರತಿದಿನ ಮನೆ ಬಿಡಬೇಕಾದದ್ದು ಆ 60 ನಿಮಿಷಕ್ಕೆ ಹೊಂದಿಸಿಕೊಂಡು. ಬೇಗ ಬಸ್ ಸಿಕ್ಕ ದಿನ ಕಾಲೇಜಿನ ಕಟ್ಟೆಯ ಮೇಲೆ ಕುಳಿತು ಕಾಯುತ್ತೀರಿ, ಅಷ್ಟೇ.

ಅದೇ ದಾರಿ ಸೈಕಲ್ಲಿನಲ್ಲಿ 24 ನಿಮಿಷ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಆರಾಮವಾಗಿ ತುಳಿದರೆ ಐದು ಕಿಲೋಮೀಟರಿಗೆ 20 ನಿಮಿಷ, ಸಿಗ್ನಲ್ಲುಗಳಿಗೆ ನಾಲ್ಕು. ಕೆಟ್ಟ ದಿನವೂ 28 ದಾಟಲಿಲ್ಲ. ಬೀಗ ಹಾಕಿ, ಮುಖ ತೊಳೆದುಕೊಳ್ಳಲು ಆರೇಳು ನಿಮಿಷ ಸೇರಿಸಿದರೂ ಅವನು ಎಂಟೂಕಾಲು ದಾಟಿದ ಮೇಲೆ ಮನೆ ಬಿಡತೊಡಗಿದ. ಮೊದಲು ಎಂಟಕ್ಕೇ ಬಿಡುತ್ತಿದ್ದ. ಸಂಜೆಯೂ ಇಷ್ಟೇ ಉಳಿಯುತ್ತದೆ.

ನಿಮ್ಮ ಮನೆಯ ಮುಂದೆಯೇ ಬಸ್ ಹೊರಟು ಕಾಲೇಜಿನ ಮುಂದೆಯೇ ನಿಲ್ಲುವುದಾದರೆ, ಅಥವಾ ಹತ್ತು ನಿಮಿಷಕ್ಕೊಂದು ಬಸ್ ಖಾತ್ರಿಯಿದ್ದರೆ, ಈ ಅಂತರ ಬಹಳ ಕುಗ್ಗುತ್ತದೆ. ಬರೆದಿಟ್ಟ ವಾರದಲ್ಲಿ ಅತಿ ಹೆಚ್ಚಿನ ಹೊತ್ತು 40 ನಿಮಿಷದೊಳಗಿದ್ದು, ಕೈಯಲ್ಲಿ ರಿಯಾಯಿತಿ ಪಾಸಿದ್ದರೆ, ಸೈಕಲ್ ಕೊಳ್ಳಬೇಡಿ ಎಂದೇ ಹೇಳುತ್ತೇನೆ.

ಕೊಳ್ಳುವ ಮೊದಲು ಎರಡು ಸಲ ತುಳಿದು ನೋಡಿ

ಸ್ನೇಹಿತರ ಸೈಕಲ್ ಕೇಳಿ ಪಡೆಯಿರಿ. ಮೊದಲ ಸಲ ಭಾನುವಾರ ಬೆಳಗ್ಗೆ, ದಾರಿ ಗುರುತಿಸಲು. ಎರಡನೆಯ ಸಲ ವಾರದ ದಿನ, ಕಾಲೇಜಿನ ಹೊತ್ತಿಗೇ, ಪುಸ್ತಕದ ಚೀಲ ಹೊತ್ತು. ಎರಡನೆಯದನ್ನು ಮಾಡದೆ ಯಾರೂ ಹಣ ಕೊಡಬಾರದು.

ಬಸ್ ಹೋಗುವ ದಾರಿಯೇ ಸೈಕಲ್ಲಿಗೂ ದಾರಿ ಎಂದುಕೊಳ್ಳುವುದು ದೊಡ್ಡ ತಪ್ಪು. ಬನಶಂಕರಿಯಿಂದ ಸೌತ್ ಎಂಡ್ ವೃತ್ತದವರೆಗೆ ಮುಖ್ಯರಸ್ತೆಯಲ್ಲಿ ತುಳಿದ ಮೊದಲ ದಿನ ನಮ್ಮ ಹುಡುಗ ಬೆವರಿಗಿಂತ ಹೆಚ್ಚಾಗಿ ಹೆದರಿಕೆಯಿಂದ ಒದ್ದೆಯಾಗಿದ್ದ. ಮರುದಿನ ಅದಕ್ಕೆ ಸಮಾನಾಂತರವಾಗಿ ಯಡಿಯೂರು, ತ್ಯಾಗರಾಜನಗರದ ಒಳಬೀದಿಗಳನ್ನು ಹಿಡಿದ. ದೂರ ಅರ್ಧ ಕಿಲೋಮೀಟರ್ ಹೆಚ್ಚಾಯಿತು, ಹೊತ್ತು ಅಷ್ಟೇ ಹಿಡಿಯಿತು, ಮರದ ನೆರಳೂ ಸಿಕ್ಕಿತು. ಬಸವನಗುಡಿಯ ಕಡೆ ಏರು ಇದೆ. ಏರನ್ನು ತಪ್ಪಿಸಲು ಆಗದಿದ್ದರೆ ಅದನ್ನು ಹೆಚ್ಚು ಉದ್ದಕ್ಕೆ ಹಂಚಿಕೊಂಡಿರುವ ಬೀದಿ ಯಾವುದು ಎಂದು ಹುಡುಕಿ. ಉದ್ದನೆಯ ಸಣ್ಣ ಏರು ಕಾಲಿಗೆ ಹಿತ, ಗಿಡ್ಡನೆಯ ಕಡಿದಾದದ್ದು ಅಲ್ಲ.

ಮುಖ್ಯರಸ್ತೆ ಅನಿವಾರ್ಯವಾದ ಕಡೆ ಒಂದೇ ಮಾತು ನೆನಪಿರಲಿ: ನಿಲ್ದಾಣದ ಕಡೆ ತಿರುಗುತ್ತಿರುವ ಬಸ್ಸಿಗೂ ಫುಟ್‌ಪಾತಿಗೂ ನಡುವೆ ಎಂದೂ ನುಗ್ಗಬೇಡಿ. ಚಾಲಕನಿಗೆ ನೀವು ಕಾಣುವುದಿಲ್ಲ. ಬಸ್ ನಿಂತರೆ ನೀವೂ ನಿಲ್ಲಿ. ಜನ ಇಳಿದು ಬಸ್ ಹೊರಟ ಮೇಲೆ ಹೊರಡಿ. ನಿಂತ ಕಾರುಗಳಿಂದ ಒಂದು ಬಾಗಿಲು ತೆರೆಯುವಷ್ಟು ಅಂತರ ಬಿಟ್ಟು ಹೋಗಿ.

ಎಂಥ ಸೈಕಲ್, ಹೇಗೆ ಹೊಂದಿಸುವುದು

ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ದಪ್ಪ ಟೈರಿನ, ಮುಂದೆ ಸ್ಪ್ರಿಂಗ್ ಇರುವ, ಬಣ್ಣ ಬಣ್ಣದ ಸೈಕಲ್ಲುಗಳು. ಡಾಂಬರು ರಸ್ತೆಗೆ ಅವು ಬೇಡ. ಅಗ್ಗದ ಸ್ಪ್ರಿಂಗ್ ಸೈಕಲ್ಲಿಗೆ ತೂಕ ಸೇರಿಸುತ್ತದೆ, ಏರಿನಲ್ಲಿ ಎದ್ದು ತುಳಿದಾಗ ನಿಮ್ಮ ಬಲವನ್ನು ತಾನು ಕುಡಿಯುತ್ತದೆ. ಹಲ್ಲು ಹಲ್ಲಿನ ಟೈರು ಗುಂಯ್ ಎಂದು ಸದ್ದು ಮಾಡುತ್ತ ಉರುಳುತ್ತದೆ. ಆ ಸದ್ದೆಲ್ಲ ನೀವು ಸುಮ್ಮನೆ ತುಳಿದ ತುಳಿತ. ನಯವಾದ ಟೈರು, ಮಡ್‌ಗಾರ್ಡ್, ಚೈನ್ ಕವರ್, ಕ್ಯಾರಿಯರ್ ಇರುವ ಸಾದಾ ಸೈಕಲ್ ಕೊಳ್ಳಿ. ದಾರಿಯಲ್ಲಿ ದೊಡ್ಡ ಏರಿಲ್ಲದಿದ್ದರೆ ಗೇರಿನ ಅಗತ್ಯವಿಲ್ಲ.

ಸೀಟಿನ ಎತ್ತರವನ್ನು ಅಂಗಡಿಯಲ್ಲೇ ಹೊಂದಿಸಿ. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಒಂದು ಪೆಡಲನ್ನು ಪೂರ್ತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು, ಸೊಂಟ ಓರೆಯಾಗಬಾರದು. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮೊಣಕಾಲು ತುಸುವೇ ಬಾಗಿರುತ್ತದೆ. "ಸೈಕಲ್ ತುಳಿದರೆ ಮೊಣಕಾಲು ನೋಯುತ್ತದೆ" ಎನ್ನುವ ಹುಡುಗರಲ್ಲಿ ಎಷ್ಟೋ ಜನರ ಸೀಟು ಎರಡು ಮೂರು ಇಂಚು ತಗ್ಗಿರುತ್ತದೆ.

ಚೀಲವನ್ನು ಬೆನ್ನಿಗೆ ಹಾಕಬೇಡಿ, ಕ್ಯಾರಿಯರಿಗೆ ಕಟ್ಟಿ. ಅಂಗಿ ಬೆನ್ನಿನಲ್ಲಿ ಬೆವರಿ ಅಂಟುವುದು ಹೆಚ್ಚಾಗಿ ಚೀಲದಿಂದಲೇ. ನಮ್ಮ ಬೀದಿಯ ಸೈಕಲ್ ಶಾಪಿನ ಯಜಮಾನರು ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಎರಡು ಪಟ್ಟಿ ಮಾಡಿಕೊಟ್ಟರು, ಹಣ ಕೇಳಲಿಲ್ಲ. ಒಂದು ವರ್ಷವಾಯಿತು, ಅವೇ ಪಟ್ಟಿಗಳು ಇನ್ನೂ ಚೀಲ ಹಿಡಿದಿವೆ.

ಗಾಳಿಯ ಬಗ್ಗೆ ಒಂದು ವಿಷಯ. ಸಾದಾ ಸೈಕಲ್ಲಿನ ಟ್ಯೂಬಿನ ವಾಲ್ ಪೆಟ್ರೋಲ್ ಬಂಕಿನ ಪಂಪಿಗೆ ಕೂರುವುದಿಲ್ಲ, ಹಾಗಾಗಿ ಮನೆಯಲ್ಲಿ ಪಂಪಿರಲೇಬೇಕು. ಆ ವಾಲಿನೊಳಗೆ ಬೆರಳುದ್ದವೂ ಇಲ್ಲದ ತೆಳುವಾದ ರಬ್ಬರ್ ಕೊಳವೆ ಇರುತ್ತದೆ. ವಾಲ್ ಟ್ಯೂಬ್ ಎನ್ನುತ್ತಾರೆ. ಅದು ಹಳತಾಗಿ ಸೀಳಿದರೆ ರಾತ್ರಿ ಹೊಡೆದ ಗಾಳಿ ಬೆಳಗ್ಗೆ ಇರುವುದಿಲ್ಲ, ಎಲ್ಲರೂ ಪಂಕ್ಚರ್ ಎಂದುಕೊಳ್ಳುತ್ತಾರೆ. ವಾಲಿನ ಬಾಯಿಗೆ ಒಂದು ಹನಿ ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ತಪ್ಪು ಟ್ಯೂಬಿನದಲ್ಲ, ಆ ಚೂರು ರಬ್ಬರಿನದು. ಕೆಲವೇ ರೂಪಾಯಿಗೆ ಸಿಗುತ್ತದೆ. ಎರಡು ಮೂರು ತಂದು ಪೆನ್ಸಿಲ್ ಡಬ್ಬಿಯಲ್ಲಿಡಿ.

ಬೀಗ ಮತ್ತು ಮಳೆ

ಹಿಂಬದಿ ಚಕ್ರಕ್ಕೆ ಮಾತ್ರ ಹಾಕುವ ಬೀಗ ಸಾಲದು, ಸೈಕಲ್ಲನ್ನೇ ಎತ್ತಿಕೊಂಡು ಹೋಗುತ್ತಾರೆ. ಚೈನ್ ಬೀಗವನ್ನು ಫ್ರೇಮ್ ಮತ್ತು ಚಕ್ರ ಎರಡರೊಳಗೂ ತೂರಿಸಿ ಕಂಬಿಗೋ ಸರಳಿಗೋ ಸೇರಿಸಿ ಹಾಕಿ. ಫ್ರೇಮಿನ ಮೇಲೆ, ಸಾಮಾನ್ಯವಾಗಿ ಪೆಡಲಿನ ನಡುವೆ ಅಡಿಭಾಗದಲ್ಲಿ, ಒಂದು ಸಂಖ್ಯೆ ಒತ್ತಿರುತ್ತಾರೆ. ಸೈಕಲ್ ಮಗುಚಿ ಅದರ ಫೋಟೋ ತೆಗೆದು ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಕಳುವಾದರೆ ದೂರಿನಲ್ಲಿ ಬರೆಯಲು ಅದೊಂದೇ ಗಟ್ಟಿ ಗುರುತು. ಕಾಲೇಜಿನಲ್ಲಿ ಸೈಕಲ್ ನಿಲ್ಲಿಸಲು ಕಾವಲುಗಾರರ ಕಣ್ಣಳತೆಯ ಜಾಗ ಇಲ್ಲದಿದ್ದರೆ ಸೈಕಲ್ ಯೋಚನೆಯನ್ನೇ ಬಿಡಿ. ಇದನ್ನು ಕೊಳ್ಳುವ ಮೊದಲೇ ಹೋಗಿ ನೋಡಬೇಕು.

ಮಳೆಯ ವಿಷಯದಲ್ಲಿ ನನ್ನ ಮೊದಲ ಲೆಕ್ಕ ತಪ್ಪಿತ್ತು. ಮಳೆಗಾಲದ ತಿಂಗಳುಗಳಲ್ಲಿ ಬಸ್, ಉಳಿದಾಗ ಸೈಕಲ್ ಎಂದು ಹೇಳಿದ್ದೆ. ಆದರೆ ಬೆಂಗಳೂರಿನ ಜೋರು ಮಳೆ ಹೆಚ್ಚಾಗಿ ಸಂಜೆಯದು. ಮೇ ತಿಂಗಳಲ್ಲೂ ಬರುತ್ತದೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲೂ ಬರುತ್ತದೆ. ಬೆಳಗ್ಗೆ ಬಿಸಿಲಿರುತ್ತದೆ, ನಾಲ್ಕರ ಹೊತ್ತಿಗೆ ಮೋಡ ಕವಿಯುತ್ತದೆ. ತಿಂಗಳ ಲೆಕ್ಕದಲ್ಲಿ ಹಂಚುವುದು ಬೆಂಗಳೂರಿಗೆ ಹೊಂದುವುದಿಲ್ಲ.

ಆಗ ಅವನೇ ಒಂದು ದಾರಿ ಕಂಡುಕೊಂಡ. ಸಂಜೆ ಮಳೆ ಹಿಡಿದರೆ ಸೈಕಲ್ಲನ್ನು ಕಾಲೇಜಿನಲ್ಲೇ ಬೀಗ ಹಾಕಿ ಬಿಟ್ಟು, ಬಸ್ಸಿನಲ್ಲಿ ಮನೆಗೆ ಬರುತ್ತಾನೆ. ಮರುದಿನ ಬೆಳಗ್ಗೆ ಬಸ್ಸಿನಲ್ಲಿ ಹೋಗಿ, ಸಂಜೆ ಸೈಕಲ್ಲಿನಲ್ಲಿ ಮರಳುತ್ತಾನೆ. ಇದಕ್ಕೆ ಕಾವಲುಗಾರರ ಒಪ್ಪಿಗೆ ಮೊದಲೇ ಕೇಳಿಟ್ಟುಕೊಂಡಿದ್ದ, ಶನಿವಾರ ಮಾತ್ರ ಬಿಟ್ಟು ಬರುವುದಿಲ್ಲ. ನೀರು ನಿಂತ ರಸ್ತೆಯಲ್ಲಿ ತುಳಿಯುವ ಸಾಹಸ ಬೇಡವೇ ಬೇಡ. ಕೆಳಗೆ ತೆರೆದ ಮ್ಯಾನ್‌ಹೋಲ್ ಇದೆಯೋ ಗುಂಡಿ ಇದೆಯೋ ಕಾಣುವುದಿಲ್ಲ. ಮಳೆಯಲ್ಲಿ ನೆನೆದ ಸೈಕಲ್ಲಿನ ಚೈನನ್ನು ಅಂದೇ ಬಟ್ಟೆಯಿಂದ ಒರೆಸಿ ಎರಡು ಹನಿ ಎಣ್ಣೆ ಬಿಡಬೇಕು. ರಿಮ್ ಒದ್ದೆಯಿದ್ದಾಗ ಬ್ರೇಕ್ ತಡವಾಗಿ ಹಿಡಿಯುತ್ತದೆ, ಮೊದಲೇ ಹಗುರವಾಗಿ ಒತ್ತುತ್ತ ಬನ್ನಿ.

ಕೊನೆಗೆ ನಿಂತದ್ದು

ನಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು ಎರಡೂ. ರಿಯಾಯಿತಿ ಪಾಸು ಮಾಡಿಸಿದೆವು, ಏಕೆಂದರೆ ಮಳೆಯ ಸಂಜೆಗಳಿಗೆ, ಜ್ವರದ ದಿನಗಳಿಗೆ, ಸೈಕಲ್ ಶಾಪಿನಲ್ಲಿರುವ ದಿನಕ್ಕೆ ಅದು ಬೇಕು, ಹಣವೂ ಹೆಚ್ಚಲ್ಲ. ಸೈಕಲ್ಲೂ ಇದೆ, ವಾರದಲ್ಲಿ ನಾಲ್ಕು ದಿನ ಓಡುತ್ತದೆ. ಪಾಸು ಸಿಗದವರಾದರೆ ಸೈಕಲ್ ಮತ್ತು ಬಿಡಿ ಟಿಕೆಟ್ ಇಟ್ಟುಕೊಳ್ಳಿ, 1200ರ ಮಾಸಿಕ ಪಾಸನ್ನು ಸೈಕಲ್ಲಿನ ಜೊತೆಗೆ ಎಂದೂ ಕೊಳ್ಳಬೇಡಿ.

ಕೊಂಡ ಮೇಲೆ ಎರಡು ತಿಂಗಳು ಕ್ಯಾಲೆಂಡರಿನಲ್ಲಿ ಸೈಕಲ್ಲಿನಲ್ಲಿ ಹೋದ ದಿನಕ್ಕೆ ಗುರುತು ಹಾಕಿ. ವಾರಕ್ಕೆ ಎರಡು ದಿನಕ್ಕಿಂತ ಕಡಿಮೆ ಬೀಳುತ್ತಿದ್ದರೆ ಕಾರಣ ಹುಡುಕಿ: ಸೀಟು ತಗ್ಗೇ, ದಾರಿ ಭಯವೇ, ಗಾಳಿ ಕಡಿಮೆಯೇ. ಮೂರನ್ನೂ ಸರಿಪಡಿಸಿದ ಮೇಲೂ ಮನಸ್ಸು ಬಾರದಿದ್ದರೆ ಹೊಸತಿರುವಾಗಲೇ ಮಾರಿಬಿಡಿ, ತುಕ್ಕು ಹಿಡಿದ ಮೇಲೆ ಯಾರೂ ಕೊಳ್ಳುವುದಿಲ್ಲ.

ಪರೀಕ್ಷೆಯ ದಿನಗಳಿಗೆ ಅವನದೊಂದು ಪದ್ಧತಿ ಇದೆ. ಹಿಂದಿನ ರಾತ್ರಿಯೇ ಎರಡೂ ಟೈರಿಗೆ ಗಾಳಿ ಹೊಡೆದು, ಹೆಬ್ಬೆರಳಿನಿಂದ ಒತ್ತಿ ನೋಡುತ್ತಾನೆ. ಬೆಳಗ್ಗೆ ಎದ್ದು ಮತ್ತೆ ಒತ್ತುತ್ತಾನೆ. ರಾತ್ರಿಯಷ್ಟೇ ಗಟ್ಟಿಯಿದ್ದರೆ ಸೈಕಲ್, ತುಸು ಮೆತ್ತಗಾಗಿದ್ದರೂ ಪಾಸು ಹಿಡಿದು ಬಸ್. ಅದಕ್ಕಾಗಿ ಆ ದಿನಗಳಲ್ಲಿ ಮಾತ್ರ ಹಳೆಯ ಹೊತ್ತಿಗೇ, ಎಂಟಕ್ಕೆ, ಮನೆ ಬಿಡುತ್ತಾನೆ.